ತಾರೀಖು ಬರೆದಿಟ್ಟುಕೊಂಡು ಶಾಲೆಗೆ ಹೋಗು

ಕುರುಗೋಡು

ಪ್ರೀತಿಯ ತಂಗಿ,

ನಿನ್ನಂಥ ಇನ್ನೂ ನಾಲ್ಕು ತಾಯಂದಿರು ಓದಲಿ ಎಂದು, ನಿನ್ನ ಹೆಸರು ಬಿಟ್ಟು, ನೀನು ಕೇಳಿದ್ದಕ್ಕೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಸಿರುಗುಪ್ಪ ಬಿಟ್ಟು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಗೆ ಕೂತಿದ್ದೀಯ. ಹೊಸ ಶಾಲೆಯಲ್ಲಿ, ಆರನೇ ತರಗತಿಯ ನಿನ್ನ ಮಗನನ್ನು ದೊಡ್ಡ ಹುಡುಗರು ಕಾಡುತ್ತಿದ್ದಾರೆ. ಟೀಚರಿಗೆ ಹೇಳಿದರೆ ‘ನೋಡೋಣಮ್ಮ’ ಅಂದರು, ಅಷ್ಟೇ. ಸಿರುಗುಪ್ಪದಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು, ಆ ‘ನೋಡೋಣಮ್ಮ’ ಎಲ್ಲಿಂದ ಬರುತ್ತದೆ ಗೊತ್ತು. ‘ದಿನಾ ಹೊಡೀತಾರೆ, ಎಲ್ಲರೂ ಹೊಡೀತಾರೆ’ ಎಂದರೆ ಟೀಚರು ಯಾರನ್ನು ಕರೆದು ಏನಂತ ಕೇಳಬೇಕು? ಕೇಳಿದರೂ ಹುಡುಗರೆಲ್ಲ ‘ಇಲ್ಲ ಮಿಸ್’ ಅಂತಾರೆ, ಅಲ್ಲಿಗೆ ಮುಗೀತು.

ಮೊದಲು ಒಂದು ನೋಟ್‌ಬುಕ್ ಇಡು. ಸಂಜೆ ಮಗನಿಗೆ ‘ಅವನು ಹೊಡೆದನಾ?’ ಎಂದು ಕೇಳಬೇಡ, ಹಾಗೆ ಕೇಳಿದರೆ ಮಗು ಹೂಂ ಅಂದುಬಿಡುತ್ತದೆ. ‘ಊಟದ ಹೊತ್ತಲ್ಲಿ ಏನಾಯ್ತು?’ ಎಂದು ಕೇಳಿ, ಅವನು ಹೇಳಿದ ಮಾತನ್ನೇ ಬರೆದುಕೊ. ನೀನು ತಿಳಿಸಿದ್ದನ್ನು ನಾನು ಹೀಗೆ ಜೋಡಿಸಿದೆ:

ಜುಲೈ 1, ಮಂಗಳವಾರ: ಬಿಸಿಯೂಟದ ಸಾಲಿನಲ್ಲಿ ಎಂಟನೇ ತರಗತಿಯ ಇಬ್ಬರು ತಟ್ಟೆಯಿಂದ ಮೊಟ್ಟೆ ಕಿತ್ತುಕೊಂಡರು. ಹಿಂದೆ ನಿಂತಿದ್ದ ಗೆಳೆಯ ನೋಡಿದ್ದಾನೆ.

ಜುಲೈ 3, ಗುರುವಾರ: ಏನೂ ಆಗಲಿಲ್ಲ. ಊಟದ ಹತ್ತಿರ ಟೀಚರು ನಿಂತಿದ್ದರು.

ಜುಲೈ 4, ಶುಕ್ರವಾರ: ತಟ್ಟೆ ತೊಳೆಯುವಾಗ ನಲ್ಲಿಯ ಹತ್ತಿರ ಅದೇ ಇಬ್ಬರು ನೂಕಿದರು. ಬಲ ಮೊಣಕೈ ತರಚಿದೆ, ಸಂಜೆ ಫೋಟೋ ತೆಗೆದಿದ್ದೇನೆ.

ಜುಲೈ 8, ಮಂಗಳವಾರ: ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ.

ಈಗ ನೋಡು, ಎಲ್ಲವೂ ಊಟದ ಹೊತ್ತಲ್ಲೇ ಆಗಿದೆ, ಮಾಡಿದವರೂ ಅದೇ ಇಬ್ಬರು. ಏನೂ ಆಗದ ಗುರುವಾರದ ಸಾಲೇ ನನಗೆ ಹೆಚ್ಚು ಬೆಲೆಯದ್ದು. ದೊಡ್ಡವರೊಬ್ಬರು ನಿಂತರೆ ಸಾಕು, ಕಾಟ ನಿಲ್ಲುತ್ತದೆ ಎಂದು ಅದು ಟೀಚರಿಗೆ ತೋರಿಸುತ್ತದೆ. ಎಂಟನೇ ತಾರೀಖು ಅವನು ಹೆದರಿ ಮನೆಯಲ್ಲೇ ಉಳಿದ ಎನ್ನುವುದು ಮಾತ್ರ ನಿನ್ನ ಊಹೆ. ಬರೆಯಬೇಕೆಂದಿದ್ದರೆ ‘ನನಗೆ ಅನ್ನಿಸುತ್ತದೆ’ ಎಂದು ಸೇರಿಸಿ ಬರೆ.

ಇನ್ನು ಏನು ಕೇಳಬೇಕು? ‘ಆ ಹುಡುಗರಿಗೆ ನಾಲ್ಕು ಬಾರಿಸಿ’, ‘ಟಿಸಿ ಕೊಟ್ಟು ಕಳಿಸಿ’ ಎಂದು ಕೇಳುವ ತಂದೆತಾಯಂದಿರನ್ನು ಎಷ್ಟೋ ಕಂಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಆಗದ್ದನ್ನು ಕೇಳಿದರೆ ಆಗುವುದನ್ನೂ ಮಾಡದಿರಲು ನೆಪ ಸಿಗುತ್ತದೆ. ಟೀಚರ ಕೈಯಲ್ಲಿರುವುದನ್ನೇ ಕೇಳು:

‘ಬಿಸಿಯೂಟದ ಸಾಲಿನಲ್ಲೂ ನಲ್ಲಿಯ ಹತ್ತಿರವೂ ಎರಡು ವಾರ ಒಬ್ಬರು ಶಿಕ್ಷಕರು ನಿಲ್ಲುವಂತೆ ಮಾಡಿ. ಆ ಇಬ್ಬರ ಜೊತೆ ಬೇರೆಯಾಗಿ, ನನ್ನ ಮಗನ ಜೊತೆ ಬೇರೆಯಾಗಿ ಮಾತಾಡಿ. ಏನು ಮಾಡಿದಿರಿ ಎಂದು ಜುಲೈ 16ರ ಒಳಗೆ ನನಗೆ ತಿಳಿಸಿ.’

ಬೇರೆಯಾಗಿ ಎಂದದ್ದಕ್ಕೆ ಕಾರಣವಿದೆ. ಮೂವರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿದರೆ, ನಿನ್ನ ಮಗ ಅವರ ಮುಖ ನೋಡಿಕೊಂಡೇ ‘ಏನಿಲ್ಲ ಮಿಸ್’ ಅಂದಾನು.

ಈ ತಾರೀಖುಗಳು, ಈ ಕೋರಿಕೆ ಎಲ್ಲ ಸೇರಿ ಒಂದು ಹಾಳೆಗಿಂತ ಹೆಚ್ಚು ಬೇಡ. ಪೀಸ್ ಲೆಕ್ಕದ ಕೆಲಸ ನಿನ್ನದು, ಮತ್ತೆ ಮತ್ತೆ ಶಾಲೆಗೆ ಅಲೆದರೆ ಕೂಲಿ ಹೋಗುತ್ತದೆ. ಅದಕ್ಕೇ ಎರಡು ಪ್ರತಿ ಒಯ್ದು, ಒಂದನ್ನು ಕ್ಲಾಸ್ ಟೀಚರಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ತಾರೀಖು ಹಾಕಿಸಿಕೊ. ಬೆಳಗಿನ ಪ್ರಾರ್ಥನೆಯ ಗದ್ದಲದಲ್ಲಿ ಬೇಡ, ಸಂಜೆ ಬೆಲ್ ಹೊಡೆದ ಮೇಲೆ ಕೂತು ಮಾತಾಡು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಆ ಹುಡುಗರ ಹೆಸರು ಹಾಕಲೇಬೇಡ. ಅವರೂ ಮಕ್ಕಳೇ, ಮೇಲಾಗಿ ಜಗಳ ಊರಿನದಾಗಿ ನಿನ್ನ ಮಗನ ಮಾತು ಮೂಲೆಗೆ ಬೀಳುತ್ತದೆ.

ಹದಿನಾರಕ್ಕೂ ಉತ್ತರ ಬಾರದಿದ್ದರೆ ಅದೇ ಹಾಳೆಯನ್ನು ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಕೊಡು. ಅಲ್ಲೂ ಆಗದಿದ್ದರೆ ಬಿಇಒ ಕಚೇರಿ. ಸಹಿ ಇರುವ ಪ್ರತಿ ಕೆಲಸಕ್ಕೆ ಬರುವುದು ಆಗ.

ಆದರೆ ಮೈ ಮುಟ್ಟಬಾರದಲ್ಲಿ ಮುಟ್ಟಿದ್ದು, ಗಾಯ ದೊಡ್ಡದಾದದ್ದು, ಮಗು ಸಾಯುವ ಮಾತಾಡಿದ್ದು ಇದ್ದರೆ ತಾರೀಖು ಕೂಡಿಸುತ್ತ ಕೂರಬೇಡ. ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ಇನ್ನೊಂದು ಮಾತು. ಕೆಲಸ ಬಿಡಲಾಗುವುದಿಲ್ಲ ಎಂದು ಹಾಳೆಯನ್ನು ಮಗನ ಬ್ಯಾಗಿನಲ್ಲಿಟ್ಟು ಕಳಿಸಬೇಡ, ಅದು ಮೊದಲು ಆ ಹುಡುಗರ ಕೈಗೇ ಸಿಕ್ಕೀತು. ನೀನೇ ಹೋಗಿ ಕೊಡು.

ನಿನ್ನ ಅಕ್ಕ