ಸೂಯೇಜ್ ಫಾರಂನ ಕಸದ ಗುಡ್ಡ ಕರಗಲು ಎಷ್ಟು ದಿನ ಬೇಕು?

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಿತ್ತು. ಅದೇ ಮೈಸೂರಿನ ವಿದ್ಯಾರಣ್ಯಪುರಂ ಬಳಿಯ ಸೂಯೇಜ್ ಫಾರಂನಲ್ಲಿ ವರ್ಷಗಳಿಂದ ಬಿದ್ದ ಕಸ ಗುಡ್ಡವಾಗಿ ನಿಂತಿತು. ಸುತ್ತಲಿನ ಬಡಾವಣೆಗಳ ಜನ ಅದರ ವಾಸನೆಯ ಬಗ್ಗೆ ಎಷ್ಟು ದೂರು ಕೊಟ್ಟರೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಕಾರಣ ಸರಳ. ಅಲ್ಲಿನ ಸಂಸ್ಕರಣಾ ಘಟಕದ ಸಾಮರ್ಥ್ಯ ದಿನಕ್ಕೆ ಸುಮಾರು 200 ಟನ್; ಊರಿನಲ್ಲಿ ದಿನವೂ ಹುಟ್ಟುವ ಕಸ 400 ಟನ್‌ಗೂ ಹೆಚ್ಚು. ಬೇರೆಲ್ಲೂ ಹೋಗದೆ ಉಳಿದದ್ದು ಅಲ್ಲೇ ಕೂಡುತ್ತಾ ಹೋಯಿತು.

ಇಂಥ ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್, ಕಲ್ಲು ಎಂದು ಬೇರ್ಪಡಿಸುವುದಕ್ಕೆ ಬಯೋಮೈನಿಂಗ್ ಎನ್ನುತ್ತಾರೆ. ಈ ಕೆಲಸ ಶುರುವಾದಾಗ ಎಲ್ಲರ ಪ್ರಶ್ನೆ ಒಂದೇ: ಯಾವಾಗ ಮುಗಿಯುತ್ತದೆ?

ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಇವು ಪಾಲಿಕೆಯ ಕಡತದ ಅಂಕಿಗಳಲ್ಲ. ಗುಡ್ಡದಲ್ಲಿ 2,00,000 ಟನ್ ಇದೆ. ಯಂತ್ರ ದಿನಕ್ಕೆ 1,000 ಟನ್ ಜರಡಿ ಹಿಡಿಯುತ್ತದೆ. ಭಾಗಿಸಿದರೆ 200 ದಿನ. ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ದಿನವೂ 200 ಟನ್ ಹೊಸ ಕಸ ಅಲ್ಲಿಗೇ ಬಂದು ಬೀಳುತ್ತಿದ್ದರೆ, ಗುಡ್ಡ ನಿಜವಾಗಿ ಇಳಿಯುವುದು ದಿನಕ್ಕೆ 800 ಟನ್ ಮಾತ್ರ. ಆದ್ದರಿಂದ ಸೂತ್ರ ಹೀಗೆ:

T = B / (P − A)

ಇಲ್ಲಿ B ಉಳಿದಿರುವ ರಾಶಿ, P ವಿಲೇವಾರಿಯ ದರ, A ಆಗಮನದ ದರ. ಉತ್ತರ 250 ದಿನ.

ಇದೂ ಪೂರ್ತಿ ಸರಿಯಲ್ಲ. ಕಸ ವಾರಕ್ಕೆ ಏಳು ದಿನ ಬರುತ್ತದೆ, ಯಂತ್ರ ಆರು ದಿನ ಓಡುತ್ತದೆ. ಆದ್ದರಿಂದ ಎರಡನ್ನೂ ಒಂದೇ ಅಳತೆಗೆ ತರಬೇಕು. ವಾರಕ್ಕೆ ಹೋಗುವುದು 6,000, ಬರುವುದು 1,400, ಇಳಿಕೆ 4,600 ಟನ್. ಹಾಗಾದರೆ ಸುಮಾರು 43 ವಾರ, ಅಂದರೆ 300 ದಿನ ದಾಟಿತು.

ಇನ್ನು ಮಳೆ. ಒದ್ದೆ ಕಸ ಜರಡಿಯ ಕಣ್ಣುಗಳಿಗೆ ಅಂಟಿಕೊಳ್ಳುತ್ತದೆ. ಮಣ್ಣು ಪ್ಲಾಸ್ಟಿಕ್‌ನಿಂದ ಬಿಡುವುದಿಲ್ಲ. ಯಂತ್ರದ ಮೇಲೆ ಬರೆದ 1,000 ಟನ್ ಒಣಗಿದ ದಿನದ ಮಾತು. ವರ್ಷದ ಸರಾಸರಿ ದಿನಕ್ಕೆ 600 ಟನ್‌ಗೆ ಇಳಿಯಿತು ಎನ್ನಿ. ವಾರದ ಇಳಿಕೆ 3,600 − 1,400 = 2,200 ಟನ್, ಬೇಕಾದ ಕಾಲ ಸುಮಾರು 91 ವಾರ. ಯಂತ್ರದ ದುಡಿಮೆ ಶೇ. 40 ಕಡಿಮೆಯಾದರೆ ಕಾಲ ಎರಡು ಪಟ್ಟಿಗೂ ಹೆಚ್ಚಾಯಿತು. 300 ಟನ್‌ಗೆ ಇಳಿದರೆ ವಾರದ ಇಳಿಕೆ ಬರೀ 400 ಟನ್. 500 ವಾರ, ಅಂದರೆ ಒಂಬತ್ತೂವರೆ ವರ್ಷ! 200 ಟನ್‌ಗೆ ಬಂದರೆ ಛೇದ ಋಣಾತ್ಮಕ. ಆಗ ಸೂತ್ರ ಕೊಡುವ ಋಣ ಸಂಖ್ಯೆಗೆ ಕಾಲದ ಅರ್ಥವಿಲ್ಲ. ಗುಡ್ಡ ಬೆಳೆಯುತ್ತಿದೆ ಎಂದಷ್ಟೇ ತಿಳಿಯಬೇಕು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ದಿನಕ್ಕೆ 600 ಟನ್ ಮಾಡುವವರು 700 ಮಾಡಿದರೆ 91 ವಾರ 71 ಆಗುತ್ತದೆ. 300 ಮಾಡುವವರು 400 ಮಾಡಿದರೆ 500 ವಾರ 200 ಆಗುತ್ತದೆ. ಹೆಚ್ಚಿಸಿದ್ದು ಅದೇ 100 ಟನ್. P ಮತ್ತು A ಹತ್ತಿರ ಬಂದಷ್ಟೂ ಸಣ್ಣ ಬದಲಾವಣೆ ಉತ್ತರವನ್ನು ಅಲುಗಾಡಿಸಿಬಿಡುತ್ತದೆ. ಅಂಥಲ್ಲಿ ಯಾರಾದರೂ ಮುಗಿಯುವ ತಾರೀಕನ್ನೇ ಹೇಳಿದರೆ ನನಗೆ ಅನುಮಾನ ಬರುತ್ತದೆ. ರಾಶಿಯ ಅಂದಾಜು ತಪ್ಪಿದರೆ ಇಷ್ಟು ತೊಂದರೆಯಿಲ್ಲ: B ಶೇ. 20 ಹೆಚ್ಚಿದ್ದರೆ ಕಾಲವೂ ಶೇ. 20 ಮಾತ್ರ ಹೆಚ್ಚುತ್ತದೆ.

P ಎಂದರೆ ಯಾವುದನ್ನು ಎಣಿಸುವುದು ಎಂಬುದೂ ಮುಖ್ಯ. ಜರಡಿ ದಾಟಿದ್ದನ್ನೋ, ಗೇಟು ದಾಟಿದ್ದನ್ನೋ? ಬೇರ್ಪಟ್ಟ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಹೋಗಬೇಕು, ಮಣ್ಣು ತಗ್ಗು ತುಂಬಲು ಹೋಗಬೇಕು. ಲಾರಿ ಬಾರದೆ ಅವು ಅಂಗಳದಲ್ಲೇ ಉಳಿದರೆ ಒಂದು ಗುಡ್ಡ ಮೂರು ಗುಡ್ಡವಾಯಿತು, ಅಷ್ಟೆ. ಹಾಗಾಗಿ ವೇ ಬ್ರಿಡ್ಜ್‌ನಲ್ಲಿ ಒಳಬಂದ ಮತ್ತು ಹೊರಹೋದ ತೂಕವನ್ನು ವಾರವಾರವೂ ಬರೆದು, ಉಳಿದ ರಾಶಿಯನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ಎಂಟು ಹತ್ತು ವಾರಗಳ ಚುಕ್ಕಿಗಳ ಮೂಲಕ ಎಳೆದ ಗೆರೆ ಎಷ್ಟು ಇಳಿಜಾರಾಗಿದೆ ಎಂಬುದು ಗುತ್ತಿಗೆ ಪತ್ರಕ್ಕಿಂತ ನಂಬಿಕೆಯ ಮಾತು. ಗೆರೆ ಮಟ್ಟವಾಗುತ್ತಾ ಬಂದರೆ ಹಳೆಯ ಅಂದಾಜನ್ನು ಬಿಟ್ಟು ಹೊಸದಾಗಿ ಲೆಕ್ಕ ಹಾಕಬೇಕು.

ಸೂತ್ರವನ್ನು ಹಿಂದುಮುಂದಾಗಿಯೂ ಬಳಸಬಹುದು. 52 ವಾರದಲ್ಲಿ ಮುಗಿಸಲೇಬೇಕೆಂದರೆ ವಾರಕ್ಕೆ 2,00,000 ÷ 52 + 1,400, ಅಂದರೆ ಸುಮಾರು 5,250 ಟನ್ ಹೊರಹೋಗಬೇಕು. ಕೆಲಸದ ದಿನಕ್ಕೆ 875 ಟನ್. ಯಂತ್ರ ಅಷ್ಟು ಮಾಡದಿದ್ದರೆ A ಕಡೆ ನೋಡಬೇಕು. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿ ಗುಡ್ಡಕ್ಕೆ ಬರುವುದನ್ನು ಅರ್ಧಕ್ಕಿಳಿಸಿದರೆ, ದಿನಕ್ಕೆ 600 ಟನ್ ಮಾಡುವ ಅದೇ ಯಂತ್ರ 91 ವಾರದ ಬದಲು 69 ವಾರದಲ್ಲಿ ಕೆಲಸ ಮುಗಿಸುತ್ತದೆ.

ದ್ವಿತೀಯ ಪಿಯುಸಿಯವರಿಗೆ ಒಂದು ಲೆಕ್ಕ: ವರ್ಷದ 36 ವಾರ ದಿನಕ್ಕೆ 800 ಟನ್, ಮಳೆಯ 16 ವಾರ 200 ಟನ್ ನಡೆದರೆ, ಅದೇ ಗುಡ್ಡದಲ್ಲಿ ಒಂದು ವರ್ಷದ ಕೊನೆಗೆ ಎಷ್ಟು ಉಳಿದಿರುತ್ತದೆ? ಮಳೆಗಾಲದಲ್ಲಿ ಗೆರೆ ಯಾವ ಕಡೆಗೆ ತಿರುಗುತ್ತದೆ ಎಂದೂ ಬರೆದು ತನ್ನಿ.