ಹಿಂಡಿ ದರ ಏರೋ ಮೊದಲೇ ಖರೀದಿ ಲೆಕ್ಕ ಹಿಡಿದಿಡೋದು ಹೇಗೆ?

ಹೈನುಗಾರಿಕೆ ಮಾಡೋರಿಗೆ ಗೊತ್ತೇ ಇದೆ: ಹಾಲಿನ ದರ ನಿಂತಲ್ಲೇ ನಿಂತಿದ್ದರೂ ಹತ್ತಿಕಾಳು ಹಿಂಡಿಯ ದರ ಬೇಸಿಗೆ ಹೊತ್ತಿಗೆ ಏರಿಬಿಡಬಹುದು. ಡಿಸೆಂಬರಿನಲ್ಲೇ ಕೊಂಡಿಡೋಣ ಅಂದರೆ ಗೋದಾಮೂ ಬೇಕು, ಪೂರ್ತಿ ದುಡ್ಡೂ ಬೇಕು. ಇನ್ನೊಂದು ದಾರಿ ಎಂದರೆ ವಾಯಿದಾ ಮಾರುಕಟ್ಟೆ, ಅಂದರೆ ಫ್ಯೂಚರ್ಸ್. ಎನ್‌ಸಿಡಿಇಎಕ್ಸ್‌ನಲ್ಲಿ ಹಿಂಡಿಯ ಕಾಂಟ್ರಾಕ್ಟ್ COCUDAKL ಎಂಬ ಹೆಸರಲ್ಲಿದೆ. ದರ ಕ್ವಿಂಟಲ್ ಲೆಕ್ಕದಲ್ಲಿ, ಡೆಲಿವರಿ ಮಹಾರಾಷ್ಟ್ರದ ಅಕೋಲಾದಲ್ಲಿ, ಒಂದು ಲಾಟ್ ಅಂದರೆ 10 ಟನ್.

10 ಹಸುಗಳಿಗೆ ದಿನಕ್ಕೆ ಎರಡೆರಡು ಕೆಜಿ ಹಾಕಿದರೆ 10 ಟನ್ ಮುಗಿಯಲು 500 ದಿನ ಬೇಕು. ಆದ್ದರಿಂದ ಇದು ಒಬ್ಬರ ಕೆಲಸವಲ್ಲ, ಒಟ್ಟಾಗಿ ಹಿಂಡಿ ತರಿಸುವ ಗುಂಪಿನ ಕೆಲಸ.

ಒಂದು ಲೆಕ್ಕ

ಹಾವೇರಿ ಕಡೆಯ ಒಂದು ರೈತ ಕಂಪನಿಗೆ ಮಾರ್ಚ್ ಮೊದಲ ವಾರ 50 ಟನ್, ಅಂದರೆ 500 ಕ್ವಿಂಟಲ್ ಹಿಂಡಿ ಬೇಕು ಅಂದುಕೊಳ್ಳಿ. ದರಗಳು ಲೆಕ್ಕಕ್ಕಾಗಿ ಹಿಡಿದವು. ಡಿಸೆಂಬರಿನಲ್ಲಿ ಊರಿನ ದರ 3,300 ರೂಪಾಯಿ, ಅಕೋಲಾದ ಮಾರ್ಚ್ ವಾಯಿದಾ 3,100. ಈ 200 ರೂಪಾಯಿ ವ್ಯತ್ಯಾಸಕ್ಕೆ ಬೇಸಿಸ್ ಅಂತಾರೆ. ಲಾರಿ ಬಾಡಿಗೆ, ಗುಣಮಟ್ಟ, ಊರಿನ ಬೇಡಿಕೆ ಎಲ್ಲಾ ಇದರೊಳಗೇ ಇರುತ್ತೆ.

ಈಗ ವಾಯಿದಾದಲ್ಲಿ ಕೊಂಡಿಟ್ಟು, ಮಾರ್ಚಿನಲ್ಲಿ ಊರಲ್ಲೇ ಹಿಂಡಿ ಖರೀದಿಸಿದ ದಿನ ವಾಯಿದಾವನ್ನು ಮಾರಿಬಿಡಬೇಕು. ದರ ಏರಿದರೆ ಅಲ್ಲಿ ಬಂದ ಲಾಭ ಇಲ್ಲಿನ ಹೆಚ್ಚುವರಿ ಖರ್ಚನ್ನು ತುಂಬುತ್ತೆ.

ಎಷ್ಟು ಲಾಟ್?

50 ಟನ್ ಬೇಕು ಅಂದಮಾತ್ರಕ್ಕೆ 5 ಲಾಟ್ ಅಲ್ಲ. ಅಕೋಲಾದಲ್ಲಿ 100 ರೂಪಾಯಿ ಏರಿದಾಗ ನಿಮ್ಮೂರಲ್ಲಿ ಎಷ್ಟು ಏರುತ್ತೆ ಅನ್ನೋದು ಮುಖ್ಯ. ಪ್ರತಿ ಶುಕ್ರವಾರ ಎರಡೂ ದರ ಬರೆದಿಡಿ. ಮೊಬೈಲಿನ ಶೀಟ್‌ನಲ್ಲಿ B ಕಾಲಮ್ ವಾಯಿದಾ, C ಕಾಲಮ್ ಊರಿನ ದರ. D ಮತ್ತು E ಕಾಲಮ್‌ಗಳಲ್ಲಿ ಹಿಂದಿನ ವಾರಕ್ಕಿಂತ ಎಷ್ಟು ಬದಲಾಯಿತು ಅಂತ ಹಾಕಿ. ಆರು ತಿಂಗಳಾದ ಮೇಲೆ:

```
=SLOPE(E3:E27,D3:D27)
=RSQ(E3:E27,D3:D27)
```

ವಾಯಿದಾದ ತಿಂಗಳು ಬದಲಾದ ವಾರದ ಅಂಕಿ ಬಿಟ್ಟುಬಿಡಿ, ಇಲ್ಲದಿದ್ದರೆ ಸುಳ್ಳು ಜಿಗಿತ ಬರುತ್ತೆ. ಮೊದಲ ಉತ್ತರವೇ ಹೆಡ್ಜ್ ಅನುಪಾತ. ಅದು 0.8 ಬಂದರೆ 50 ಟನ್‌ಗೆ 40 ಟನ್, ಅಂದರೆ 4 ಲಾಟ್ ಸಾಕು.

ಮಾರ್ಚಿನಲ್ಲಿ ವಾಯಿದಾ 400 ಏರಿ 3,500, ಊರಿನ ದರ 340 ಏರಿ 3,640 ಆಯಿತು ಅನ್ನೋಣ. ಹಿಂಡಿಗೆ ಕೊಟ್ಟಿದ್ದು 18,20,000. 4 ಲಾಟ್‌ನಿಂದ ಬಂದಿದ್ದು 1,60,000. ಬ್ರೋಕರ್ ಖರ್ಚು ಬಿಟ್ಟು ಕ್ವಿಂಟಲ್‌ಗೆ ಬಿದ್ದಿದ್ದು 3,320. ಬದಲಿಗೆ ವಾಯಿದಾ 300 ಇಳಿದು, ಊರಿನ ದರ 240 ಇಳಿದಿದ್ದರೆ? ಹಿಂಡಿ ಅಗ್ಗವಾಗುತ್ತಿತ್ತು, ವಾಯಿದಾದಲ್ಲಿ 1,20,000 ನಷ್ಟ, ಕೊನೆಗೆ ಬೀಳೋದು 3,300. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ದರ. ಬೇಕಾಗಿದ್ದೂ ಅದೇ. 5 ಲಾಟ್ ಹಿಡಿದಿದ್ದರೆ ಇದೇ ದರ ಏರಿದಾಗ 3,240, ಇಳಿದಾಗ 3,360 ಆಗುತ್ತಿತ್ತು. ಹೆಚ್ಚಿಗೆ ಹಿಡಿದ ಲಾಟ್ ರಕ್ಷಣೆಯಲ್ಲ, ಬಾಜಿ.

ಎಲ್ಲಿ ಕೈಕೊಡುತ್ತೆ?

ಒಂದು, ಬೇಸಿಸ್ ಹಿಗ್ಗಿದಾಗ. ನಿಮ್ಮ ಭಾಗದ ಗಿರಣಿಗಳಲ್ಲಿ ಹತ್ತಿಕಾಳು ಕಡಿಮೆಯಾಗಿ ಊರಿನ ದರ 3,600ಕ್ಕೆ ಹೋಯಿತು, ಅಕೋಲಾ ಮಾತ್ರ 3,200ರಲ್ಲೇ ನಿಂತಿತು ಅನ್ನಿ. ವಾಯಿದಾ ಕೊಡೋದು ಬರೀ 40,000. ಖರೀದಿ 3,520ಕ್ಕೆ ಬೀಳುತ್ತೆ. ಇದೇ ಬೇಸಿಸ್ ರಿಸ್ಕ್. ದರದ ಅಪಾಯ ಪೂರ್ತಿ ಹೋಗಲ್ಲ, ಬೇಸಿಸ್‌ನ ಅಪಾಯವಾಗಿ ಉಳಿಯುತ್ತೆ. ಎಷ್ಟು ಉಳಿಯುತ್ತೆ ಅಂತ ಸುಳಿವು ಕೊಡೋದು RSQ. ಅದು 0.8ರ ಆಸುಪಾಸು ಇದ್ದರೆ ಹೆಡ್ಜ್ ಕೆಲಸಕ್ಕೆ ಬರುತ್ತೆ. 0.3 ಬಂದರೆ ಅಕೋಲಾ ಒಂದು ದಾರಿ, ನಿಮ್ಮೂರು ಇನ್ನೊಂದು ದಾರಿ. ಆಗ ವಾಯಿದಾ ಬಿಟ್ಟು ಗಿರಣಿಯವರ ಹತ್ತಿರ ಮುಂಗಡ ದರ ಮಾತಾಡೋದೇ ವಾಸಿ.

ಎರಡು, ಮಾರ್ಜಿನ್. ವಾಯಿದಾ ಇಳಿದರೆ ಆ ನಷ್ಟ ದಿನದಿನವೂ ಖಾತೆಯಿಂದ ಹೋಗುತ್ತೆ. ಹಿಂಡಿ ಅಗ್ಗವಾದ ಲಾಭ ಕೈಗೆ ಸಿಗೋದು ಮಾರ್ಚಿನಲ್ಲಿ. ಮೇಲಿನ ಲೆಕ್ಕದಲ್ಲಿ 300 ಇಳಿದಾಗ ಶುರುವಿನ ಮಾರ್ಜಿನ್ ಜತೆಗೆ ಇನ್ನೂ 1,20,000 ಹೊಂದಿಸಬೇಕು. ಹೊಂದದಿದ್ದರೆ ಬ್ರೋಕರ್ ನಡುವಲ್ಲೇ ಲಾಟ್ ಮಾರಿಬಿಡುತ್ತಾನೆ. ಮರುವಾರ ದರ ಏರಿದರೆ ನಷ್ಟವೂ ನಿಮ್ಮದೇ, ದುಬಾರಿ ಹಿಂಡಿಯೂ ನಿಮ್ಮದೇ. ಆದ್ದರಿಂದ ಲಾಟ್ ಹಿಡಿಯುವ ಮೊದಲೇ ಗುಂಪಿನಲ್ಲಿ ಈ ದುಡ್ಡನ್ನು ಬೇರೆ ತೆಗೆದಿಡಿ. ಅಷ್ಟು ಆಗದಿದ್ದರೆ ಎರಡೇ ಲಾಟ್ ಹಿಡಿಯಿರಿ. ಮಾರ್ಚ್ ಕಾಂಟ್ರಾಕ್ಟಿನ ಡೆಲಿವರಿ ದಿನಗಳು ಶುರುವಾಗೋ ಮೊದಲೇ ಹೊರಬನ್ನಿ, ಇಲ್ಲದಿದ್ದರೆ ಹಿಂಡಿ ತರೋಕೆ ಅಕೋಲಾಕ್ಕೇ ಲಾರಿ ಕಳಿಸಬೇಕಾದೀತು.