ಸಾರಾಂಶ ಕಳಿಸೋ ಇಮೇಲ್: 100 ಪದದೊಳಗೆ ಏನಿರಬೇಕು?

ಸಮ್ಮೇಳನಕ್ಕೆ ಪ್ರಾಜೆಕ್ಟ್ ಸಾರಾಂಶ ಕಳಿಸುವಾಗ ನಾವೆಲ್ಲ ಸಾರಾಂಶದ ಮೇಲೆ ವಾರಗಟ್ಟಲೆ ಕೂರುತ್ತೇವೆ. ಅದನ್ನು ಹೊತ್ತೊಯ್ಯುವ ಇಮೇಲ್ ಮಾತ್ರ ಕೊನೆಯ ದಿನ ರಾತ್ರಿ ಐದು ನಿಮಿಷದಲ್ಲಿ ತಯಾರಾಗುತ್ತದೆ. ಆದರೆ ಸಮಿತಿಯವರು ಮೊದಲು ನೋಡುವುದು ಆ ಇಮೇಲನ್ನೇ. ವಿಮರ್ಶಕರ ಕೈಗೆ ಸಾರಾಂಶ ಹೋಗೋಕೆ ಮುಂಚೆ ಒಬ್ಬ ಸಂಯೋಜಕರು ಬಂದ ಇಮೇಲ್‌ಗಳನ್ನು ವಿಂಗಡಿಸುತ್ತಾರೆ. ಯಾವ ವಿಭಾಗ, ಮೌಖಿಕವೋ ಪೋಸ್ಟರೋ, ಪದಮಿತಿ ಸರಿ ಇದೆಯಾ, ಕಡತ ತೆರೆಯುತ್ತಾ ಅಂತ ನೋಡುತ್ತಾರೆ. ಇಲ್ಲಿ ಸಿಕ್ಕಿಬಿದ್ದರೆ ನಮ್ಮ ಪ್ರಯೋಗ ಎಷ್ಟು ಚೆನ್ನಾಗಿದ್ದರೂ ಅದನ್ನು ಯಾರೂ ಓದುವುದೇ ಇಲ್ಲ.

ಕನ್ನಡದಲ್ಲೇ ಸಾರಾಂಶ ಕೇಳುವ ಸಮ್ಮೇಳನವಾದರೆ ಇನ್ನೂ ಕೆಲವು ತೊಡಕುಗಳು ಸೇರುತ್ತವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಅವು ಮೊದಲಿಗೆ ಕಾಣುವುದೂ ಇಲ್ಲ. ಅದಕ್ಕೇ ಈ ಸಲ ಅಂಥದ್ದೇ ಒಂದು ಉದಾಹರಣೆ ಇಟ್ಟುಕೊಂಡು ಇಮೇಲನ್ನು ಮೊದಲಿಂದ ಕೊನೆಯವರೆಗೂ ಕಟ್ಟಿ ನೋಡೋಣ.

ಉದಾಹರಣೆ

ಸಿವಿಲ್ ವಿಭಾಗದ ಮೂವರ ಒಂದು ತಂಡ ಅಂದುಕೊಳ್ಳಿ. ಸಕ್ಕರೆ ಕಾರ್ಖಾನೆಯ ಬಾಯ್ಲರ್‌ನಲ್ಲಿ ಕಬ್ಬಿನ ಸಿಪ್ಪೆ ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಸಿಲಿಕಾ ಹೆಚ್ಚು. ಸಿಮೆಂಟಿನ ಒಂದು ಭಾಗದ ಬದಲು ಆ ಬೂದಿ ಹಾಕಿ ಕಾಂಕ್ರೀಟ್ ಕ್ಯೂಬ್ ಮಾಡಿ, ಇವರು ಬಲ ಪರೀಕ್ಷೆ ಮಾಡಿದ್ದಾರೆ. ಸಮ್ಮೇಳನದ ಪ್ರಕಟಣೆಯಲ್ಲಿ ಐದು ನಿಯಮ ಇವೆ ಎಂದಿಟ್ಟುಕೊಳ್ಳೋಣ:

1. ಸಾರಾಂಶ 250 ಪದ ಮೀರಬಾರದು. ಶೀರ್ಷಿಕೆ, ಕೀಲಿಪದ ಈ ಲೆಕ್ಕಕ್ಕಿಲ್ಲ.
2. ಕಡತ `.docx` ಆಗಿರಬೇಕು, ಅಕ್ಷರ ಯೂನಿಕೋಡ್‌ನಲ್ಲಿರಬೇಕು.
3. ಕಡತದೊಳಗೆ ಲೇಖಕರ ಹೆಸರು, ಕಾಲೇಜಿನ ಹೆಸರು ಇರಬಾರದು. ಅವು ಇಮೇಲ್‌ನಲ್ಲಿ ಮಾತ್ರ.
4. ಇಮೇಲ್‌ನ ವಿಷಯದ ಸಾಲು `ABS-` ಆದ ಮೇಲೆ ವಿಭಾಗದ ಸಂಕೇತ, ಆಮೇಲೆ ಮಂಡನೆಯ ಬಗೆ.
5. ಇಮೇಲ್ 100 ಪದದೊಳಗೆ ಇರಬೇಕು.

ಈ ಪಟ್ಟಿಯನ್ನು ಪ್ರಿಂಟ್ ಹಾಕಿ ಪಕ್ಕಕ್ಕಿಟ್ಟುಕೊಳ್ಳಿ. ಇಮೇಲ್ ಬರೆಯೋದು ಅಂದರೆ ಈ ಒಂದೊಂದು ಪ್ರಶ್ನೆಗೂ ಸಂಯೋಜಕರು ಹುಡುಕದ ಹಾಗೆ ಉತ್ತರ ಕೊಡುವುದು, ಅಷ್ಟೇ.

ರಜಾ ಅರ್ಜಿ ಶೈಲಿ ಬೇಡ

ನಮ್ಮಲ್ಲಿ ಹೆಚ್ಚಿನವರಿಗೆ ಕನ್ನಡದಲ್ಲಿ ಔಪಚಾರಿಕವಾಗಿ ಬರೆದು ಗೊತ್ತಿರುವುದು ಹೈಸ್ಕೂಲಿನ ರಜಾ ಅರ್ಜಿ ಮಾತ್ರ. ಹಾಗಾಗಿ ಇಮೇಲ್ ಕೂಡ ಹೀಗೆ ಶುರುವಾಗುತ್ತದೆ:

> ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳಾಗಿದ್ದು, ಇಂದಿನ ದಿನಗಳಲ್ಲಿ ಪರಿಸರ ಮಾಲಿನ್ಯವು ಒಂದು ದೊಡ್ಡ ಸಮಸ್ಯೆಯಾಗಿ ಪರಿಣಮಿಸಿರುವುದರಿಂದ...

ಹದಿನೇಳು ಪದ ಆಗಲೇ ಖರ್ಚಾಯಿತು. ಐದು ಪ್ರಶ್ನೆಯಲ್ಲಿ ಒಂದಕ್ಕೂ ಉತ್ತರ ಸಿಕ್ಕಿಲ್ಲ. ಇನ್ನೂ ಒಂದು ತೊಂದರೆ ಇದೆ. ಪರಿಸರ ಮಾಲಿನ್ಯ, ಸಿಮೆಂಟ್ ಉದ್ಯಮ, ನಮ್ಮ ಫಲಿತಾಂಶ ಇವೆಲ್ಲ ಸಾರಾಂಶದಲ್ಲಿ ಇರಬೇಕಾದ ಮಾತು. ಇಮೇಲ್‌ನಲ್ಲೂ ಅದನ್ನೇ ಹೇಳಿದರೆ ಎರಡನೇ ಸಾರಾಂಶ ಬರೆದ ಹಾಗೆ. ವಿಂಗಡಿಸುವವರಿಗೆ ಅದು ಬೇಕಿಲ್ಲ, ವಿಮರ್ಶಕರಿಗೆ ಅದು ತಲುಪುವುದಿಲ್ಲ. ಮರ್ಯಾದೆ ತೋರಿಸೋಕೆ 'ಮಾನ್ಯ', 'ನಮಸ್ಕಾರ', 'ವಂದನೆಗಳೊಂದಿಗೆ' ಸಾಕು.

ನಾವು ಸೂಚಿಸೋದು ಹೀಗೆ:

> ವಿಷಯ: `ABS-CE-POSTER`
>
> ಮಾನ್ಯ ಸಂಯೋಜಕರಿಗೆ, ನಮಸ್ಕಾರ.
>
> ಸಿವಿಲ್ ವಿಭಾಗದ ಪೋಸ್ಟರ್ ಮಂಡನೆಗಾಗಿ ನಮ್ಮ ಸಾರಾಂಶವನ್ನು ಲಗತ್ತಿಸಿದ್ದೇವೆ.
>
> ಶೀರ್ಷಿಕೆ: ಕಾಂಕ್ರೀಟ್‌ನಲ್ಲಿ ಸಿಮೆಂಟಿಗೆ ಭಾಗಶಃ ಬದಲಿಯಾಗಿ ಕಬ್ಬಿನ ಸಿಪ್ಪೆಯ ಬೂದಿ
> ಪದಸಂಖ್ಯೆ: 243 (ಶೀರ್ಷಿಕೆ, ಕೀಲಿಪದ ಬಿಟ್ಟು)
> ಲೇಖಕರು: ಮೂವರ ಹೆಸರು, ಕಾಲೇಜು
> ಮಂಡಿಸುವವರು: ಒಬ್ಬರ ಹೆಸರು, ಮೊಬೈಲ್ ಸಂಖ್ಯೆ
>
> ಕಡತ ಯೂನಿಕೋಡ್‌ನಲ್ಲಿದೆ. ಅದರೊಳಗೆ ಲೇಖಕರ ಹೆಸರಾಗಲಿ ಕಾಲೇಜಾಗಲಿ ಇಲ್ಲ. ಮಾರ್ಗದರ್ಶಕರು ಸಾರಾಂಶವನ್ನು ಓದಿ ಒಪ್ಪಿದ್ದಾರೆ. ಈ ಕೆಲಸವನ್ನು ಬೇರೆಲ್ಲೂ ಮಂಡಿಸಿಲ್ಲ. ಇಮೇಲ್ ತಲುಪಿದ್ದನ್ನು ತಿಳಿಸಿದರೆ ಉಪಕಾರವಾಗುತ್ತದೆ.
>
> ವಂದನೆಗಳೊಂದಿಗೆ,
> ಕಳಿಸುವವರ ಹೆಸರು

ಹೆಸರುಗಳನ್ನು ತುಂಬಿದ ಮೇಲೂ ಇದು 100 ಪದದ ಹತ್ತಿರ ಬರುವುದಿಲ್ಲ. ವಿಷಯದ ಸಾಲಿಗೆ 'ದಯವಿಟ್ಟು ಸ್ವೀಕರಿಸಿ' ಅಂತ ಏನೂ ಸೇರಿಸಬೇಡಿ. ಸಂಕೇತ ಕೊಟ್ಟಿದ್ದಾರೆ ಅಂದರೆ ಇನ್‌ಬಾಕ್ಸ್‌ನಲ್ಲಿ ಅದನ್ನಿಟ್ಟುಕೊಂಡೇ ಹುಡುಕುತ್ತಾರೆ ಅಥವಾ ಫಿಲ್ಟರ್ ಹಾಕಿರುತ್ತಾರೆ. `ABS` ಬದಲು `Abstract` ಅಂತ ಬರೆದರೆ ನಮ್ಮ ಇಮೇಲ್ ಆ ಹುಡುಕಾಟದಲ್ಲಿ ಸಿಗದೇ ಹೋಗಬಹುದು.

'ಮಾರ್ಗದರ್ಶಕರು ಒಪ್ಪಿದ್ದಾರೆ', 'ಬೇರೆಲ್ಲೂ ಮಂಡಿಸಿಲ್ಲ' ಎಂಬ ಎರಡು ವಾಕ್ಯ ಸುಮ್ಮನೆ ಅಲಂಕಾರಕ್ಕಲ್ಲ. ಗೈಡ್ ಸರ್‌ಗೆ ಅಥವಾ ಮೇಡಂಗೆ ನಿಜವಾಗಿ ಓದಲು ಕೊಟ್ಟ ಮೇಲೆಯೇ ಮೊದಲನೆಯದನ್ನು ಬರೆಯಬೇಕು. ಹೋದ ತಿಂಗಳು ಇನ್ನೊಂದು ಕಡೆ ಇದೇ ಕೆಲಸ ಮಂಡಿಸಿದ್ದರೆ ಎರಡನೆಯದನ್ನು ತೆಗೆದು, ಎಲ್ಲಿ ಮಂಡಿಸಿದ್ದು, ಈಗ ಹೊಸದೇನು ಸೇರಿದೆ ಅಂತ ಒಂದು ಸಾಲಿನಲ್ಲಿ ಹೇಳಬೇಕು.

ಪದ ಎಣಿಸೋದು ಹೇಗೆ?

ಇಮೇಲ್‌ನಲ್ಲಿ 243 ಅಂತ ಬರೆದಿದ್ದೇವೆ. ಆ ಅಂಕಿ ಎಲ್ಲಿಂದ ಬಂತು? ಇಂಗ್ಲಿಷ್‌ನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಕನ್ನಡದಲ್ಲಿ ಏಳುತ್ತದೆ. 'ಕನ್ನಡ' ಎಂಬ ಒಂದೇ ಪದವನ್ನು ಪೈಥಾನ್‌ನಲ್ಲಿ ನಾಲ್ಕು ರೀತಿ ಎಣಿಸಿ ನೋಡಿ:

```python
import re
s = "ಕನ್ನಡ"
len(s.split())              # 1
len(re.findall(r"\w+", s))  # 2
len(s)                      # 5
len(s.encode("utf-8"))      # 15
```

ಮೊದಲನೆಯದು ಖಾಲಿ ಜಾಗ ನೋಡಿ ಎಣಿಸುತ್ತದೆ, ಅದೇ ಸರಿಯಾದ ಉತ್ತರ. ಎರಡನೆಯದಕ್ಕೆ ಒತ್ತಕ್ಷರದ ನಡುವೆ ಇರುವ ವಿರಾಮ ಚಿಹ್ನೆ ಅಕ್ಷರವೇ ಅಲ್ಲ, ಹಾಗಾಗಿ ಪದ ಅಲ್ಲೇ ಮುರಿದು 'ಕನ' ಮತ್ತು 'ನಡ' ಆಗುತ್ತದೆ. ಮೂರನೆಯದು ಯೂನಿಕೋಡ್ ಚಿಹ್ನೆಗಳ ಲೆಕ್ಕ: ನಮ್ಮ ಕಣ್ಣಿಗೆ ಮೂರು ಅಕ್ಷರ, ಅದಕ್ಕೆ ಐದು. ನಾಲ್ಕನೆಯದು ಬೈಟ್‌ಗಳು, ಒಂದೊಂದು ಕನ್ನಡ ಚಿಹ್ನೆಗೂ ಮೂರು.

ಇದರಿಂದ ನಮಗೆ ಎರಡು ಪಾಠ. ವರ್ಡ್‌ನಲ್ಲಿ ಎಣಿಸಿದಾಗ ಮಿತಿಯೊಳಗಿದ್ದ ಸಾರಾಂಶ ಆನ್‌ಲೈನ್ ಫಾರ್ಮಿನಲ್ಲಿ 'ಮಿತಿ ಮೀರಿದೆ' ಅಂತ ಕೆಂಪಾದರೆ, ತಪ್ಪು ನಮ್ಮದೇ ಇರಬೇಕಿಲ್ಲ. ಎಣಿಸುವ ಪ್ರೋಗ್ರಾಂ ಎರಡನೆಯ ರೀತಿಯದ್ದಾಗಿರಬಹುದು. ಆಗ ಸುಮ್ಮನೆ ಪದ ಕತ್ತರಿಸುತ್ತಾ ಕೂರದೆ ಸಂಯೋಜಕರಿಗೆ ತಿಳಿಸಿ, ಕಡತ ಕಳಿಸಬಹುದೇ ಅಂತ ಕೇಳಿ. ಇನ್ನೊಂದು, ನಿಯಮದಲ್ಲಿ 'ಪದ' ಅಂತ ಇದೆಯೋ 'ಅಕ್ಷರ' ಅಂತ ಇದೆಯೋ ಸರಿಯಾಗಿ ನೋಡಿ. ಅಕ್ಷರ ಮಿತಿ ಇದ್ದರೆ ಒತ್ತು, ಕಾಗುಣಿತ ಎಲ್ಲಾ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುವ ಸಾಧ್ಯತೆ ಇದೆ.

ಪದ ನಿಜವಾಗಿ ಹೆಚ್ಚಾಗಿದ್ದರೆ? ಎರಡು ಪದಗಳ ನಡುವಿನ ಜಾಗ ಅಳಿಸಿ ಅಂಟಿಸುವುದು ಕೆಲವರ ಉಪಾಯ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅದರ ಬದಲು ಕ್ರಿಯಾಪದಗಳನ್ನು ನೋಡಿ. 'ತಯಾರು ಮಾಡಲಾದ ಕ್ಯೂಬ್‌ಗಳನ್ನು ಪರೀಕ್ಷೆಗೆ ಒಳಪಡಿಸಲಾಯಿತು ಎಂಬುದನ್ನು ಇಲ್ಲಿ ತಿಳಿಸಲಾಗಿದೆ' ಎಂಬುದರಲ್ಲಿ ಎಂಟು ಪದ ಇವೆ. 'ತಯಾರಿಸಿದ ಕ್ಯೂಬ್‌ಗಳನ್ನು ಪರೀಕ್ಷಿಸಿದೆವು' ಅಂದರೆ ಮೂರೇ ಸಾಕು. ವಿಷಯ ಒಂದಿಷ್ಟೂ ಕಮ್ಮಿ ಆಗಲಿಲ್ಲ. ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡಕ್ಕೆ ಇಳಿಸುವ ನಮ್ಮ ಬರಹದಲ್ಲಿ ಇಂಥ ಜಾಗಗಳು ಧಾರಾಳವಾಗಿ ಸಿಗುತ್ತವೆ.

`PÀ£ÀßqÀ` ಅಂದರೆ ಏನು?

ಕಡತ ತೆರೆದಾಗ ಸಂಯೋಜಕರಿಗೆ ಹೀಗೆ ಕಂಡರೆ ಅದು ವೈರಸ್ ಅಲ್ಲ, ಕನ್ನಡವೇ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಟ್ಟುಕೊಂಡಿವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ 'ಕನ್ನಡ' ಅಂತ ಕಾಣುತ್ತದೆ, ಇಲ್ಲದಿದ್ದಲ್ಲಿ `PÀ£ÀßqÀ`. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಈ ಸಾಧ್ಯತೆ ಹೆಚ್ಚು.

ಪರೀಕ್ಷಿಸೋದು ಸುಲಭ. ಸಾರಾಂಶದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಫ್ರೆಂಡ್‌ಗೆ ಕಳಿಸಿ. ಕನ್ನಡವಾಗೇ ಕಂಡರೆ ಯೂನಿಕೋಡ್. `À` ಗಳ ಸಾಲು ಕಂಡರೆ ಪರಿವರ್ತಕ ಬಳಸಿ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಇಡೀ ಸಾರಾಂಶವನ್ನು ಮತ್ತೊಮ್ಮೆ ಓದಬೇಕು, ಮುಖ್ಯವಾಗಿ ಅರ್ಕಾವತ್ತು, ಅಂಕಿ, ಶೇಕಡಾ ಚಿಹ್ನೆ ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳನ್ನು. ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ತಿಳಿದು ಪರಿವರ್ತಕ ಅದನ್ನು ಕೆಡಿಸಬಹುದು.

ಹೆಸರು ಅಡಗಿರೋ ಜಾಗಗಳು

ಮೂರನೇ ನಿಯಮ ಇರುವುದು ವಿಮರ್ಶಕರು ಕಾಲೇಜು ನೋಡಿ ಅಂಕ ಕೊಡದಿರಲಿ ಅಂತ. ಶೀರ್ಷಿಕೆ ಕೆಳಗಿನ ಹೆಸರನ್ನು ಎಲ್ಲರೂ ಅಳಿಸುತ್ತಾರೆ. ಉಳಿಯುವುದು ಬೇರೆ ಕಡೆ. ಕಡತದ ಹೆಸರಿನಲ್ಲಿ ನಮ್ಮ ಯುಎಸ್‌ಎನ್ ಇರುತ್ತದೆ. 'ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ' ಅಂತ ಬರೆದು ಮುಂದೆ ಊರಿನ ಹೆಸರು ಹಾಕಿರುತ್ತೇವೆ. ವರ್ಡ್ ಕೂಡ ಕಡತದ ಜೊತೆ ಬರೆದವರ ಹೆಸರನ್ನು ಉಳಿಸಿಕೊಂಡಿರುತ್ತದೆ. ಅದನ್ನು ತೆಗೆಯೋಕೆ `File > Info > Check for Issues > Inspect Document` ಗೆ ಹೋಗಬೇಕು. ಕಡತಕ್ಕೆ `CE_bagasse-ash_abstract.docx` ಥರ ವಿಷಯದ ಹೆಸರಿಡಿ. ಕನ್ನಡದಲ್ಲಿ ಕಡತದ ಹೆಸರು ಇಟ್ಟರೆ ಕೆಲವು ಕಡೆ ಡೌನ್‌ಲೋಡ್ ಆಗುವಾಗ ಅದು ಬರೀ ಚಿಹ್ನೆಗಳಾಗುತ್ತದೆ.

ಕಳಿಸಿದ ಮೇಲೆ

ಮೊದಲು ಇಮೇಲನ್ನು ತಂಡದ ಇನ್ನೊಬ್ಬರ ವಿಳಾಸಕ್ಕೆ ಕಳಿಸಿ, ಅವರು ಮೊಬೈಲಿನಲ್ಲಿ ಲಗತ್ತು ತೆರೆದು ನೋಡಲಿ. ಆಮೇಲೆ ಸಮಿತಿಗೆ ಕಳಿಸಿ, ಪ್ರತಿ ಗೈಡ್‌ಗೂ ಇರಲಿ. ಕಳಿಸಿದ ನಂತರ ತಪ್ಪು ಕಂಡರೆ ತುಂಡು ತುಂಡಾಗಿ ಮೂರು ಇಮೇಲ್ ಹಾಕಬೇಡಿ. ಅದೇ ಇಮೇಲ್‌ಗೆ ಉತ್ತರವಾಗಿ ಸರಿಪಡಿಸಿದ ಕಡತ ಲಗತ್ತಿಸಿ, 'ಹಿಂದಿನ ಕಡತವನ್ನು ಕೈಬಿಟ್ಟು ಇದನ್ನು ಪರಿಗಣಿಸಿ. ಎರಡನೇ ವಾಕ್ಯದ ಶೇಕಡಾವಾರು ಅಂಕಿಯನ್ನು ಮಾತ್ರ ತಿದ್ದಿದ್ದೇವೆ' ಅಂತ ಬರೆಯಿರಿ. ಕಡತದ ಹೆಸರಿನ ಕೊನೆಗೆ `_v2` ಸೇರಿಸಿ. ಏನು ಬದಲಾಗಿದೆ ಅಂತ ಹೇಳಿದರೆ ಸಂಯೋಜಕರು ಎರಡೂ ಕಡತ ತೆರೆದು ಹೋಲಿಸಬೇಕಾಗಿಲ್ಲ. ಕೊನೆಯ ದಿನಾಂಕಕ್ಕೆ ಎರಡು ದಿನ ಮುಂಚೆ ಕಳಿಸಿದ್ದರೆ ಮಾತ್ರ ಈ ತಿದ್ದುಪಡಿಗೆ ಅವಕಾಶ ಇರುತ್ತದೆ.